ಟಿ-ಸ್ಥಾನದ ಬೆಲೆ: ಸ್ಕ್ವಾಷ್ ಆಟದ ಡ್ರೈವ್ ಮತ್ತು ಬೋಸ್ಟ್ ಹೊಡೆತಗಳ ವಿವೇಚನೆ

2017ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಚೆನ್ನೈ ನಗರದಲ್ಲಿ ಏಷ್ಯಾ ವೈಯಕ್ತಿಕ ಸ್ಕ್ವಾಷ್ ಪಂದ್ಯಾವಳಿ ನಡೆಯಿತು. ಮಹಿಳೆಯರ ಅಂತಿಮ ಪಂದ್ಯದಲ್ಲಿ ಎದುರುಬದುರಾದ ಇಬ್ಬರೂ ಆ ನಗರದಲ್ಲಿಯೇ ಆಡಿ ಬೆಳೆದವರು. ಒಬ್ಬರು ಕೊಡಗಿನ ಮನೆತನಕ್ಕೆ ಸೇರಿದ, ಚೆನ್ನೈಯಲ್ಲಿ ಹುಟ್ಟಿದ ಜೋಷ್ನಾ ಚಿಣ್ಣಪ್ಪ. ಇನ್ನೊಬ್ಬರು ದೀಪಿಕಾ ಪಳ್ಳಿಕಲ್. ಮೊದಲ ಮೂರು ಆಟಗಳು 13-15, 12-10, 11-13 ಎಂದು ಕೇವಲ ಎರಡೆರಡು ಅಂಕಗಳ ಅಂತರದಲ್ಲಿ ಮುಗಿದವು. ಕೊನೆಯ ಎರಡು ಆಟಗಳನ್ನು ಜೋಷ್ನಾ 11-4, 11-4 ಎಂದು ಗೆದ್ದು ಪ್ರಶಸ್ತಿಯನ್ನು ಪಡೆದರು.

ಅಷ್ಟು ಹೊತ್ತು ಸರಿಸಮವಾಗಿ ನಡೆದ ಆಟವು ಹೀಗೆ ಒಮ್ಮೆಗೇ ಒಂದು ಕಡೆಗೆ ವಾಲುವುದು ಸ್ಕ್ವಾಷಿನಲ್ಲಿ ಅಪರೂಪವಲ್ಲ. ಆ ಒಂದು ಪಂದ್ಯದ ಕಾರಣವನ್ನು ಊಹಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಇಂತಹ ಏರಿಳಿತಗಳನ್ನು ತಿಳಿಯಬೇಕೆನ್ನುವ ಪ್ರೇಕ್ಷಕನು ಎಲ್ಲಿ ನೋಡಬೇಕು ಎಂಬುದನ್ನು ಹೇಳಬಹುದು. ಚೆಂಡನ್ನೇ ನೋಡುತ್ತಿರುವವನಿಗೆ ಕಾಣುವುದು ಹೊಡೆತಗಳ ಸರಣಿ ಮಾತ್ರ. ಆಟಗಾರರ ಪಾದಗಳನ್ನು ನೋಡುವವನಿಗೆ, ಇಬ್ಬರಲ್ಲಿ ಯಾರು ಅಂಕಣದ ನಡುವೆ ನಿಂತು ಆಡುತ್ತಿದ್ದಾರೆ, ಯಾರು ಗೋಡೆಗಳ ಸುತ್ತ ಓಡುತ್ತಿದ್ದಾರೆ ಎಂಬುದು ತಿಳಿಯುತ್ತದೆ.

ಸ್ಕ್ವಾಷ್ ಅಂಕಣವು ನಾಲ್ಕು ಗೋಡೆಗಳ ನಡುವಿನ ಕೋಣೆ. ಅದರ ಉದ್ದ 9.75 ಮೀಟರು, ಅಗಲ 6.4 ಮೀಟರು. ಮುಂಗೋಡೆಯ ಬುಡದಲ್ಲಿ ತಗಡಿನ ಪಟ್ಟಿಯೊಂದಿರುತ್ತದೆ. ಚೆಂಡು ಅದಕ್ಕೆ ತಗುಲಿದರೆ ಹೊಡೆತವು ತಪ್ಪು. ಹಿಂಗೋಡೆಯಿಂದ 4.26 ಮೀಟರು ದೂರದಲ್ಲಿ ನೆಲದ ಮೇಲೆ ಅಡ್ಡಗೆರೆಯೊಂದನ್ನು ಎಳೆದಿರುತ್ತಾರೆ. ಅದರ ಮಧ್ಯದಿಂದ ಹಿಂಗೋಡೆಯವರೆಗೆ ಇನ್ನೊಂದು ಗೆರೆಯು ಹಿಂಭಾಗವನ್ನು ಎರಡಾಗಿ ಸೀಳುತ್ತದೆ. ಈ ಎರಡು ಗೆರೆಗಳು ಕೂಡುವಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರವು ಮೂಡುವುದರಿಂದ ಆ ಎಡೆಗೆ ಟಿ ಎಂದೇ ಹೆಸರು ಬಂದಿದೆ. ಅಲ್ಲಿಂದ ಹಿಂದಿನ ಮೂಲೆಗಳು ಸುಮಾರು 5.3 ಮೀಟರು, ಮುಂದಿನ ಮೂಲೆಗಳು ಸುಮಾರು 6.3 ಮೀಟರು ದೂರದಲ್ಲಿವೆ. ಆದರೆ ಒಂದು ಮೂಲೆಯಿಂದ ಅದರ ಕರ್ಣದ ತುದಿಯ ಮೂಲೆಗೆ 11.6 ಮೀಟರಿಗೂ ಹೆಚ್ಚು ದೂರವಿದೆ. ಟಿ-ಸ್ಥಾನದಲ್ಲಿರುವವನು ಯಾವ ಚೆಂಡಿಗೂ ಇದರ ಅರ್ಧಕ್ಕಿಂತ ತುಸು ಹೆಚ್ಚು ದೂರ ಹೋದರೆ ಸಾಕು; ಮೂಲೆಯಲ್ಲಿ ಸಿಕ್ಕಿಕೊಂಡವನಿಗೆ ಪೂರ್ಣ ದೂರವೂ ಬೀಳಬಹುದು. ಟಿ-ಸ್ಥಾನದ ಮಹತ್ತ್ವಕ್ಕೆ ಇದೇ ಮೊದಲ ಕಾರಣ.

ಎರಡನೆಯ ಕಾರಣವು ಇದಕ್ಕಿಂತ ಸೂಕ್ಷ್ಮವಾದುದು. ನಡುವೆ ನಿಂತವನು ಚೆಂಡು ನೆಲಕ್ಕೆ ಬೀಳುವ ಮೊದಲೇ ಗಾಳಿಯಲ್ಲಿ ಅದನ್ನು ತಡೆದು ಹೊಡೆಯಬಲ್ಲನು. ಹಾಗೆ ಹೊಡೆದಾಗ ಎದುರಾಳಿಯು ಮೂಲೆಯಿಂದ ಹೊರಬರಲು ಬೇಕಾದ ಕಾಲವೇ ಅವನಿಗೆ ಇಲ್ಲವಾಗುತ್ತದೆ. ಆದುದರಿಂದ ಹೊಸ ಆಟಗಾರನಿಗೆ “ಹೊಡೆದ ಮೇಲೆ ಟಿಗೆ ಹಿಂದಿರುಗು” ಎಂದು ಹೇಳುವುದು ವಾಡಿಕೆ. ಮಾತು ಸರಿಯಾದದ್ದೇ, ಆದರೆ ಅಪೂರ್ಣ. ಎದುರಾಳಿಯು ಟಿಯಲ್ಲಿ ನಿಂತಿರುವಾಗ ಇನ್ನೊಬ್ಬನು ಬರಿಯ ಓಟದಿಂದ ಆ ಜಾಗವನ್ನು ಪಡೆಯಲಾರನು. ಎದುರಾಳಿಯನ್ನು ಅಲ್ಲಿಂದ ಕದಲಿಸುವ ಹೊಡೆತವು ಮೊದಲು ಬೇಕು. ಟಿ-ಸ್ಥಾನವನ್ನು ಆಟಗಾರನು ತನ್ನ ಹಿಂದಿನ ಹೊಡೆತದ ಬೆಲೆಯನ್ನು ಕೊಟ್ಟು ಕೊಳ್ಳುತ್ತಾನೆ. ಆ ಬೆಲೆಯ ಅಳತೆಗಳು ಎರಡು: ಉದ್ದ ಮತ್ತು ಅಗಲ.

ಡ್ರೈವ್ ಎಂದರೆ ಚೆಂಡನ್ನು ನೇರವಾಗಿ ಮುಂಗೋಡೆಗೆ ಹೊಡೆದು ಅಂಕಣದ ಹಿಂಭಾಗಕ್ಕೆ ಕಳುಹಿಸುವ ಹೊಡೆತ. ಅದರ ಉದ್ದವು ಸರಿಯಾಗಿದೆ ಎನ್ನಬೇಕಾದರೆ ಚೆಂಡು ಮೊದಲ ಬಾರಿ ಸರ್ವಿಸ್ ಚೌಕದ ಹಿಂಗೆರೆಯ ಆಸುಪಾಸಿನಲ್ಲಿ ಅಥವಾ ಅದರ ಹಿಂದೆ ನೆಲಕ್ಕೆ ಬಿದ್ದು, ಎರಡನೆಯ ಪುಟವು ಹಿಂಗೋಡೆಯ ಬುಡದಲ್ಲಿ ಆಗುವಂತಿರಬೇಕು. ಅದಕ್ಕಿಂತ ಗಿಡ್ಡವಾದರೆ ಟಿಯಲ್ಲಿರುವವನು ಒಂದು ಹೆಜ್ಜೆ ಇಟ್ಟು ಹೊಡೆದುಬಿಡುತ್ತಾನೆ. ಅದಕ್ಕಿಂತ ಉದ್ದವಾದರೆ ಚೆಂಡು ಹಿಂಗೋಡೆಗೆ ಬಡಿದು ಮತ್ತೆ ಅಂಕಣದ ನಡುವಿಗೆ ಬಂದು, ಎದುರಾಳಿಗೆ ನಿಧಾನವಾಗಿ ಹೊಡೆಯಲು ಸಿಗುತ್ತದೆ. ಬಲವಾಗಿ ಹೊಡೆಯುವುದೇ ಒಳ್ಳೆಯ ಡ್ರೈವ್ ಎಂಬ ಭ್ರಮೆಯು ಇಲ್ಲಿಯೇ ಕೆಡುವುದು. ಹಿಂದಿನ ಮೂಲೆಯಲ್ಲಿ ಸಿಕ್ಕಿಕೊಂಡವನಿಗೆ ಬೇಕಾದುದು ವೇಗವಲ್ಲ, ಕಾಲ. ಅವನು ಚೆಂಡನ್ನು ಮುಂಗೋಡೆಯ ಮೇಲೆ ಎತ್ತರದಲ್ಲಿ ತಗುಲುವಂತೆ ಮೆಲ್ಲಗೆ ಹೊಡೆದರೆ ಅದು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಆ ಅವಧಿಯಲ್ಲಿ ಅವನು ನಡುವಿಗೆ ಬರಬಲ್ಲನು.

ಉದ್ದದ ಲೆಕ್ಕವು ಹವೆಯೊಡನೆ ಬದಲಾಗುವುದೆಂಬುದನ್ನು ಚೆನ್ನೈಯ ಆಟಗಾರರು ಬೇಗನೆ ಕಲಿಯಬೇಕಾಗುತ್ತದೆ. ಸ್ಕ್ವಾಷ್ ಚೆಂಡು ಪೊಳ್ಳಾದ ರಬ್ಬರಿನದು; ತಣ್ಣಗಿರುವಾಗ ಅದು ಪುಟಿಯುವುದು ಬಹಳ ಕಡಿಮೆ, ಕಾದಂತೆಲ್ಲ ಪುಟವು ಹೆಚ್ಚುತ್ತದೆ. ಬೇಸಗೆಯಲ್ಲಿ ತಂಪುಗೊಳಿಸದ ಅಂಕಣದಲ್ಲಿ ಹಿಂಗೋಡೆಯಿಂದ ಸುಲಭವಾಗಿ ಹೊರಬರುವ ಹೊಡೆತವು, ತಂಪುಗೊಳಿಸಿದ ಗಾಜಿನ ಅಂಕಣದಲ್ಲಿ ಗಿಡ್ಡವಾಗಿ ಸಾಯಬಹುದು. ಆದುದರಿಂದ ಸೆಕೆಯಲ್ಲಿ ಮುಂಗೋಡೆಯ ಗುರಿಯನ್ನು ತುಸು ತಗ್ಗಿಸಬೇಕು, ತಂಪಿನಲ್ಲಿ ಏರಿಸಬೇಕು. ಪಂದ್ಯದ ಮೊದಲ ಕೆಲವು ಹೊಡೆತಗಳಲ್ಲಿ ಅನುಭವಿಯು ಎದುರಾಳಿಯನ್ನು ಪರೀಕ್ಷಿಸುವುದಕ್ಕಿಂತ ಹೆಚ್ಚಾಗಿ ಚೆಂಡು ಹಿಂಗೋಡೆಯ ಬಳಿ ಏನು ಮಾಡುತ್ತದೆಂಬುದನ್ನು ನೋಡಿಕೊಳ್ಳುತ್ತಾನೆ.

ಅಗಲವೆಂದರೆ ಚೆಂಡು ಪಕ್ಕದ ಗೋಡೆಗೆ ಎಷ್ಟು ಹತ್ತಿರವಾಗಿ ಸಾಗುತ್ತದೆ ಎಂಬುದು. ನೇರ ಡ್ರೈವಿನಲ್ಲಿ ಇದು ಸ್ಪಷ್ಟ: ಗೋಡೆಗೆ ಅಂಟಿದಂತೆ ಸಾಗುವ ಚೆಂಡನ್ನು ರ್‍ಯಾಕೆಟ್ಟಿನಿಂದ ಬಿಡಿಸುವುದೇ ಕಷ್ಟ. ಕರ್ಣವಾಗಿ ಹೊಡೆಯುವ ಡ್ರೈವಿನಲ್ಲಿ ಅಗಲದ ತಪ್ಪು ಕಣ್ಣಿಗೆ ಬೇಗ ಕಾಣದು; ಆದುದರಿಂದ ಒಂದು ಉದಾಹರಣೆಯನ್ನು ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಒಬ್ಬ ಆಟಗಾರನು ಬಲಭಾಗದ ಹಿಂದೆ, ಮುಂಗೋಡೆಯಿಂದ 8 ಮೀಟರು, ಬಲಗೋಡೆಯಿಂದ 1 ಮೀಟರು ದೂರದಲ್ಲಿ ಚೆಂಡನ್ನು ಹೊಡೆಯುತ್ತಾನೆ ಎಂದಿಟ್ಟುಕೊಳ್ಳೋಣ. ಎದುರಾಳಿಯು ಟಿಯಲ್ಲಿದ್ದಾನೆ. ಚೆಂಡು ಮುಂಗೋಡೆಯ ನಟ್ಟನಡುವೆ ತಗುಲಿದರೆ, ಮರಳಿ ಬರುವಾಗ ಟಿಯ ಅಡ್ಡಗೆರೆಯನ್ನು ದಾಟುವ ಹೊತ್ತಿಗೆ ಅದು ಎದುರಾಳಿಯಿಂದ ಸುಮಾರು 1.5 ಮೀಟರು ದೂರದಲ್ಲಿರುತ್ತದೆ. ತೋಳಿನ ಉದ್ದಕ್ಕೆ 68 ಸೆಂಟಿಮೀಟರಿನ ರ್‍ಯಾಕೆಟ್ಟನ್ನು ಕೂಡಿಸಿದರೆ ಅವನಿಗೆ ಪೂರ್ಣ ಹೆಜ್ಜೆಯೂ ಬೇಕಾಗದು. ಅದೇ ಚೆಂಡು ಮುಂಗೋಡೆಯ ನಡುವಿನಿಂದ ಸುಮಾರು 70 ಸೆಂಟಿಮೀಟರು ಎಡಕ್ಕೆ ತಗುಲಿದರೆ, ಟಿಯ ಗೆರೆಯನ್ನು ದಾಟುವಾಗ ಎದುರಾಳಿಯಿಂದ 2.6 ಮೀಟರಿಗೂ ಹೆಚ್ಚು ದೂರವಿದ್ದು, ಸರ್ವಿಸ್ ಚೌಕದ ಹಿಂಗೆರೆಯ ಬಳಿ ಎಡಗೋಡೆಗೆ ತಗುಲುತ್ತದೆ. ಈಗ ಎದುರಾಳಿಯು ಟಿಯನ್ನು ಬಿಟ್ಟು ಹಿಂದಕ್ಕೆ ಹೋಗಲೇಬೇಕು. ಗಾಳಿಯ ತಡೆಯನ್ನು ಬಿಟ್ಟು ಮಾಡಿದ ಲೆಕ್ಕ ಇದು. ಆದರೂ ಮುಂಗೋಡೆಯ ಮೇಲಿನ ಅಲ್ಪ ವ್ಯತ್ಯಾಸವು ಅಂಕಣದ ನಡುವೆ ಒಂದು ಮೀಟರಿಗಿಂತ ಹೆಚ್ಚಾಗಿ ಬೆಳೆಯುವುದೆಂಬುದು ಇದರಿಂದ ತಿಳಿಯುತ್ತದೆ. ಒಂದೇ ಆಟಗಾರ, ಒಂದೇ ಬಲ, ಒಂದೇ ಉದ್ದ; ಆದರೆ ಮೊದಲನೆಯದರಲ್ಲಿ ಟಿ ಎದುರಾಳಿಯದಾಗಿಯೇ ಉಳಿಯಿತು, ಎರಡನೆಯದರಲ್ಲಿ ತೆರವಾಯಿತು.

ಅಗಲ ತಪ್ಪಿದ ನೇರ ಡ್ರೈವಿನಿಂದ ಇನ್ನೊಂದು ಹಾನಿಯುಂಟು. ಚೆಂಡು ಗೋಡೆಯನ್ನು ಬಿಟ್ಟು ಹೊಡೆದವನ ಮೈಯತ್ತಲೇ ಮರಳಿ ಬಂದರೆ, ಮುಂಗೋಡೆಗೆ ನೇರವಾಗಿ ಹೊಡೆಯುವ ಎದುರಾಳಿಯ ದಾರಿಗೆ ಅವನೇ ಅಡ್ಡವಾಗುತ್ತಾನೆ. ಆಗ ನಿಯಮದ ಪ್ರಕಾರ ಅಂಕವು ಎದುರಾಳಿಗೆ ಸೇರುತ್ತದೆ.

ಇನ್ನು ಬೋಸ್ಟ್. ಚೆಂಡು ಮೊದಲು ಪಕ್ಕದ ಗೋಡೆಗೆ ಬಡಿದು ಅನಂತರ ಮುಂಗೋಡೆಗೆ ಹೋಗುವ ಹೊಡೆತವಿದು. ಚೆಂಡು ಆಟಗಾರನನ್ನು ದಾಟಿ ಹಿಂದಿನ ಮೂಲೆಗೆ ಹೋದಾಗ ನೇರವಾಗಿ ಹೊಡೆಯಲು ಎಡೆಯಿಲ್ಲದೆ ಇದನ್ನು ಆಶ್ರಯಿಸುತ್ತಾರೆ. ಗುರಿಯನ್ನು ಹಿಡಿಯಲು ಒಂದು ಸುಲಭೋಪಾಯವಿದೆ. ಬಲಗೋಡೆಯ ಆಚೆ ಇಂತಹುದೇ ಇನ್ನೊಂದು ಅಂಕಣವಿದೆಯೆಂದು ಭಾವಿಸಿ, ಅದರ ಮುಂಗೋಡೆಯ ದೂರದ ಮೂಲೆಯತ್ತ ಗೋಡೆಯನ್ನೇ ತೂರಿಹೋಗುವಂತೆ ಹೊಡೆಯಬೇಕು. ಕನ್ನಡಿಯ ಪ್ರತಿಬಿಂಬದ ನ್ಯಾಯದಂತೆ ಚೆಂಡು ನಿಜವಾದ ಅಂಕಣದ ಎಡಮೂಲೆಯತ್ತ ತಿರುಗುತ್ತದೆ. ಮೇಲೆ ಹೇಳಿದ ಸ್ಥಳದಿಂದಲೇ ಲೆಕ್ಕ ಮಾಡಿದರೆ ಚೆಂಡು ಆಟಗಾರನಿಗಿಂತ ಸುಮಾರು ಒಂದು ಮೀಟರು ಮುಂದೆ ಬಲಗೋಡೆಗೆ ತಗುಲಬೇಕು. ಗೋಡೆಯ ಆಘಾತದಿಂದ ವೇಗವೂ ಕೋನವೂ ತುಸು ಬದಲಾಗುವುದರಿಂದ ಉಳಿದ ತಿದ್ದುಪಾಟನ್ನು ಅಭ್ಯಾಸವೇ ಕಲಿಸುತ್ತದೆ. ಗೋಡೆಗೆ ತೀರ ಮುಂದೆ ತಗುಲಿದರೆ ಚೆಂಡು ಎಡಮೂಲೆಯನ್ನು ಮುಟ್ಟದೆ ಮುಂಗೋಡೆಯ ನಡುವಿಗೆ ಬಂದು ಟಿಯಲ್ಲಿರುವವನ ಮುಂದೆಯೇ ಬೀಳುತ್ತದೆ.

ಆ ಬೋಸ್ಟ್ ಮುಂಗೋಡೆಯನ್ನು ಮುಟ್ಟಲು ಸುಮಾರು 11 ಮೀಟರು ಸಾಗಬೇಕು; ನೇರ ಡ್ರೈವಿಗೆ 8 ಮೀಟರು ಸಾಕು. ಜೊತೆಗೆ ಪಕ್ಕದ ಗೋಡೆಯು ವೇಗವನ್ನು ನುಂಗಿರುತ್ತದೆ. ಆದುದರಿಂದ ಎದುರಾಳಿಯು ಟಿಯಲ್ಲಿರುವಾಗ ಹೊಡೆದ ಬೋಸ್ಟ್ ಅವನಿಗೆ ಸಾವಕಾಶವಾಗಿ ಮುಂದೆ ಬರಲು ಕಾಲವನ್ನು ಕೊಡುತ್ತದೆ. ಬಂದವನು ಚೆಂಡನ್ನು ಅಲ್ಲಿಯೇ ಮೆಲ್ಲನೆ ಇಳಿಸಬಹುದು, ಇಲ್ಲವೆ ಹಿಂದಕ್ಕೆ ಅಟ್ಟಬಹುದು. ಹಿಂದೆಯೇ ನಿಂತುಬಿಟ್ಟವನು ಎಡಮೂಲೆಗೆ 9.6 ಮೀಟರಿಗೂ ಹೆಚ್ಚು ದೂರ ಓಡಬೇಕಾಗುತ್ತದೆ. ಬೇರೆ ದಾರಿಯಿಲ್ಲದಾಗ ಬೋಸ್ಟ್ ಜೀವವನ್ನು ಉಳಿಸುತ್ತದೆ. ದಾರಿಯಿರುವಾಗ ಹೊಡೆದರೆ ಜೀವವನ್ನು ಅಪಾಯಕ್ಕೆ ಒಡ್ಡುತ್ತದೆ. ಆದರೆ ಹಿಂದಿನ ಡ್ರೈವ್ ಎದುರಾಳಿಯನ್ನು ಬಲಮೂಲೆಗೆ ಎಳೆದು, ಅವನ ಮರುಹೊಡೆತವು ಗಿಡ್ಡವಾಗಿ ಬಂದು, ಟಿಯಲ್ಲಿರುವವನು ಅದನ್ನು ಬೋಸ್ಟ್ ಮಾಡಿದರೆ ಸ್ಥಿತಿಯು ತಲೆಕೆಳಗಾಗುತ್ತದೆ. ಈಗ ಅಂಕಣದ ಕರ್ಣವನ್ನು ಅಳೆಯಬೇಕಾದವನು ಎದುರಾಳಿ. ಹೊಡೆತವು ಅದೇ; ಟಿ ಯಾರದು ಎಂಬುದರ ಮೇಲೆ ಅದರ ಅರ್ಥವು ಬೇರೆಯಾಯಿತು.

ಇದನ್ನು ಕಲಿಸಲು ತರಬೇತಿಯ ಅಂಕಣಗಳಲ್ಲಿ ಇಬ್ಬರ ಅಭ್ಯಾಸವೊಂದು ರೂಢಿಯಲ್ಲಿದೆ. ಹಿಂದಿರುವವನು ಬೋಸ್ಟ್ ಹೊಡೆಯುತ್ತಾನೆ. ಮುಂದಿರುವವನು ಅದನ್ನು ನೇರ ಡ್ರೈವಾಗಿ ಹಿಂದಕ್ಕೆ ಕಳುಹಿಸುತ್ತಾನೆ. ಪ್ರತಿ ಹೊಡೆತದ ಅನಂತರ ಇಬ್ಬರೂ ಟಿಯತ್ತ ಬರಬೇಕು. ಡ್ರೈವ್ ಗಿಡ್ಡವಾದರೆ ಹಿಂದಿನವನು ಟಿಯನ್ನು ಬಿಡದೆ ಬೋಸ್ಟ್ ಹೊಡೆಯುತ್ತಾನೆ. ಬೋಸ್ಟ್ ನಡುವಿಗೆ ಬಂದರೆ ಮುಂದಿನವನು ಕದಲುವುದೇ ಇಲ್ಲ. ತಪ್ಪನ್ನು ಬೋಧಕನು ಹೇಳಬೇಕಾಗಿಲ್ಲ. ಜೊತೆಗಾರನ ಪಾದಗಳೇ ಹೇಳುತ್ತವೆ.

ಪ್ರೇಕ್ಷಕನಿಗೂ ಇದೇ ಪರೀಕ್ಷೆಯು ಸಾಕು. ಎದುರಾಳಿಯು ಟಿಯ ಬಳಿಯಿಂದಲೇ ಚೆಂಡನ್ನು ಗಾಳಿಯಲ್ಲಿ ತಡೆಯುತ್ತಿದ್ದರೆ ಹೊಡೆತಕ್ಕೆ ಅಗಲ ಅಥವಾ ಎತ್ತರ ಸಾಲದು. ಅವನು ಹಿಂಗೋಡೆಯಿಂದ ಹೊರಬಂದ ಚೆಂಡನ್ನು ಸಾವಕಾಶವಾಗಿ ಹೊಡೆಯುತ್ತಿದ್ದರೆ ಉದ್ದವು ಮೀರಿದೆ. ಅವನು ಗೋಡೆಗೆ ಮುಖವಾಗಿ ಮೂಲೆಯಲ್ಲಿ ಬಾಗಿ, ಬೋಸ್ಟನ್ನಲ್ಲದೆ ಬೇರೇನನ್ನೂ ಹೊಡೆಯಲಾರದೆ ಇದ್ದರೆ, ಹಿಂದಿನ ಡ್ರೈವಿಗೆ ಎರಡೂ ಅಳತೆಗಳು ಸರಿಯಾಗಿ ಕೂಡಿಬಂದಿವೆ ಎಂದು ತಿಳಿಯಬೇಕು. ಆ ಹೊತ್ತಿಗೆ ಇನ್ನೊಬ್ಬನು ಟಿಯಲ್ಲಿ ನಿಂತು ಕಾಯುತ್ತಿರುತ್ತಾನೆ.