ರಾತ್ರಿ ಪಾಳಿಯ ವಾಹನ: ಚಾಲಕ ಬದಲಾದರೆ ಹತ್ತುವ ಮುನ್ನ...

ಬೆಂಗಳೂರು: 2005ರ ಡಿಸೆಂಬರ್‌ನಲ್ಲಿ ನಗರದ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರು ರಾತ್ರಿ ಪಾಳಿಗೆ ಹೊರಟಿದ್ದಾಗ, ಅಂದು ನಿಯೋಜಿತನಲ್ಲದ ಚಾಲಕನೊಬ್ಬ ಅವರನ್ನು ಕರೆದೊಯ್ದು ಹತ್ಯೆಗೈದ. 2010ರಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು.

ಸಂಸ್ಥೆಯ ಮೇಲ್ವಿಚಾರಕರಿಗೆ ಮೊದಲೇ ತಿಳಿಸದೆ ಚಾಲಕನನ್ನಾಗಲಿ, ಮಾರ್ಗವನ್ನಾಗಲಿ ಬದಲಿಸಬಾರದೆಂಬುದು ಮಹಿಳೆಯರ ರಾತ್ರಿ ಪಾಳಿಗೆ ರಾಜ್ಯ ವಿಧಿಸಿರುವ ಷರತ್ತುಗಳಲ್ಲೊಂದು. ಆದ್ದರಿಂದ ಬದಲಾವಣೆಯ ಸುದ್ದಿ ಚಾಲಕನಿಂದಲ್ಲ, ಸಾರಿಗೆ ವಿಭಾಗದಿಂದಲೇ ಬರಬೇಕು. ಬಾರದಿದ್ದರೆ ಉದ್ಯೋಗಿಯು ಮನೆಯೊಳಗಿದ್ದುಕೊಂಡೇ ಸಂಸ್ಥೆಗೆ ಕರೆ ಮಾಡಿ ವಿಚಾರಿಸಬೇಕು. ಚಾಲಕ ಕೊಟ್ಟ ಸಂಖ್ಯೆಯನ್ನು ಇದಕ್ಕೆ ಬಳಸಬಾರದು.

ಮಹಿಳೆಯನ್ನು ಎಲ್ಲರಿಗಿಂತ ಮೊದಲು ಹತ್ತಿಸುವುದಾಗಲಿ, ಕೊನೆಯಲ್ಲಿ ಇಳಿಸುವುದಾಗಲಿ ಸಲ್ಲದೆಂಬುದು ಮತ್ತೊಂದು ಷರತ್ತು. ವಾಹನದಲ್ಲಿ ಇಬ್ಬರು ಮಹಿಳೆಯರು, ಒಬ್ಬ ಪುರುಷ ಇದ್ದಾರೆನ್ನಿ. ಪುರುಷನ ಮನೆ ದಾರಿಯಲ್ಲೇ ಮೊದಲು ಸಿಕ್ಕರೂ ಆತ ಇಳಿಯುವುದು ಕೊನೆಗೆ. ಎಲ್ಲರೂ ಮಹಿಳೆಯರಾದರೆ ಕಾವಲುಗಾರ ಜೊತೆಗಿದ್ದು, ಕೊನೆಯವರು ಮನೆ ಸೇರುವುದನ್ನು ಕಂಡ ನಂತರವೇ ಮರಳಬೇಕು.

ಈ ಕ್ರಮ ತಪ್ಪುವುದು ಬಹುಪಾಲು ಕಾಗದದಲ್ಲೇ. ಹೊರಡುವಾಗಲೇ ಎಲ್ಲರ ಸಹಿ ಪಡೆದ ಪ್ರಯಾಣ ಪಟ್ಟಿ, ಯಾರು ಎಷ್ಟು ಹೊತ್ತಿಗೆ ಇಳಿದರೆಂಬುದನ್ನು ಹೇಳದು. ಪ್ರತಿ ಸಹಿಯೂ ಮನೆಯ ಬಾಗಿಲಲ್ಲೇ, ವೇಳೆಯೊಡನೆ ಬೀಳಬೇಕು. ಭದ್ರತಾ ಸಿಬ್ಬಂದಿ ಮರುದಿನ ಮೊದಲು ನೋಡಬೇಕಾದುದು ಇದನ್ನೇ.