ಆಷಾಢದಲ್ಲೇ ಹಿಡಿಯಬೇಕಾದ ಕಾರ್ತಿಕದ ಮದುವೆ

ಆಷಾಢ ಬಂದರೆ ಮದುವೆ ಫೋಟೋದವರ ಕ್ಯಾಮೆರಾ ಚೀಲ ಸೇರುತ್ತದೆ. ಅವರ ಇನ್‌ಸ್ಟಾಗ್ರಾಂ ಪುಟವೂ ಆಗಲೇ ಸುಮ್ಮನಾಗುತ್ತದೆ. ಆದರೆ ಕಾರ್ತಿಕದಲ್ಲೋ ಮಾರ್ಗಶಿರದಲ್ಲೋ ಮದುವೆ ಇಟ್ಟುಕೊಂಡ ಮನೆಯವರು ಓಡಾಡುವುದು ಇದೇ ದಿನಗಳಲ್ಲಿ. ಪುರೋಹಿತರು ಹೇಳಿದ ಎರಡು ಮೂರು ಮುಹೂರ್ತಗಳಲ್ಲಿ ಛತ್ರ ಖಾಲಿ ಇರುವ ದಿನವೇ ಸಾಮಾನ್ಯವಾಗಿ ಗಟ್ಟಿಯಾಗುತ್ತದೆ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಮೇಲೆ ಅಡುಗೆಯವರನ್ನೂ ಫೋಟೋದವರನ್ನೂ ಹುಡುಕುತ್ತಾರೆ. ಮಾಘದಿಂದ ವೈಶಾಖದವರೆಗಿನ ಮದುವೆಗಳಿಗೆ ಇಂಥ ಬಿಡುವು ಸಿಗುವುದು ಧನುರ್ಮಾಸದಲ್ಲಿ.

ಒಳ್ಳೆಯ ಮುಹೂರ್ತದ ದಿನ ಊರೆಲ್ಲ ಮದುವೆ. ಒಂದೇ ತಂಡ ಇರುವವರು ಒಪ್ಪಿಕೊಳ್ಳಬಹುದಾದದ್ದು ಮಾತ್ರ ಒಂದು. ಆದ್ದರಿಂದ ಪೋಸ್ಟ್ ಹಾಕುವ ಕಾಲವನ್ನೂ ಪಂಚಾಂಗ ನೋಡಿಯೇ ಗೊತ್ತುಮಾಡಬೇಕು.

ಮೈಸೂರಿನ ಛಾಯಾಗ್ರಾಹಕರೊಬ್ಬರು ವೈಶಾಖದಲ್ಲಿ ಒಂದು ಮದುವೆ ತೆಗೆದಿದ್ದಾರೆ ಎನ್ನಿ. ಆ ವಾರವೇ ಎಲ್ಲ ಚಿತ್ರಗಳನ್ನು ಸುರಿಯಬೇಕಿಲ್ಲ. ವಧೂವರರ ಒಪ್ಪಿಗೆ ಪಡೆದು, ಹತ್ತು ಹನ್ನೆರಡು ಚಿತ್ರಗಳನ್ನು ಆಷಾಢಕ್ಕೆ ಎತ್ತಿಡಬಹುದು. ಅವೆಲ್ಲ ಒಂದೇ ಮದುವೆಯವಾಗಿದ್ದು, ವರಪೂಜೆಯಿಂದ ಮನೆ ತುಂಬಿಸಿಕೊಳ್ಳುವವರೆಗೆ ಕ್ರಮವಾಗಿ ಇರಬೇಕು. ಹತ್ತು ಮದುವೆಗಳಿಂದ ಆಯ್ದ ಹತ್ತು ಸುಂದರ ಮುಖಗಳು ಕಣ್ಣಿಗೆ ಹಬ್ಬವೇನೋ ಸರಿ, ಹೆಣ್ಣಿನ ತಂದೆಗೆ ಬೇಕಾದ ಉತ್ತರ ಅವುಗಳಲ್ಲಿ ಇರುವುದಿಲ್ಲ.

ಅಂತರಪಟ ಸರಿಯುವ ಗಳಿಗೆಯನ್ನೇ ನೋಡಿ. ಜೀರಿಗೆ ಬೆಲ್ಲ ಇಬ್ಬರ ತಲೆಯ ಮೇಲೂ ಬೀಳುವುದು ಕ್ಷಣಮಾತ್ರ. ಎದುರಿಗೆ ಪುರೋಹಿತರು, ಸುತ್ತ ಮೊಬೈಲ್ ಎತ್ತಿದ ನೆಂಟರು, ಒಂದು ಕಡೆ ಹಳದಿ ದೀಪ, ಇನ್ನೊಂದು ಕಡೆ ವಿಡಿಯೊದವರ ಬಿಳಿ ಬೆಳಕು. ಇಷ್ಟರ ನಡುವೆಯೂ ಹುಡುಗಿಯ ಮುಖ ಸ್ಪಷ್ಟವಾಗಿ, ಮೈಬಣ್ಣ ಕೆಡದೆ ಬಂದಿದ್ದರೆ ಕೆಲಸ ಬಲ್ಲವರು ಎಂಬುದು ಆ ಒಂದು ಚಿತ್ರದಲ್ಲೇ ತಿಳಿಯುತ್ತದೆ. ತೋಟದಲ್ಲಿ ಸಂಜೆ ಬಿಸಿಲಿಗೆ ನಿಲ್ಲಿಸಿ ತೆಗೆದ ಜೋಡಿಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ.

ಚಿತ್ರದ ಕೆಳಗೆ ಪ್ರೇಮದ ಸಾಲುಗಳಿಗಿಂತ ಮಾಹಿತಿ ಇರಲಿ: ಛತ್ರದ ಹೆಸರು, ಮುಹೂರ್ತದ ಹೊತ್ತು, ಎಷ್ಟು ಜನ ಕೆಲಸ ಮಾಡಿದರು, ಆಲ್ಬಂ ಎಷ್ಟು ದಿನಕ್ಕೆ ಕೈಸೇರಿತು. ಅದೇ ಛತ್ರ ಹಿಡಿದವರು ಅದರ ಹೆಸರು ಹಾಕಿ ಹುಡುಕುವುದುಂಟು. ಖಾಲಿ ಇರುವ ದಿನಾಂಕಗಳನ್ನು ಇನ್ನೊಂದು ಪೋಸ್ಟಿನಲ್ಲಿ ಬರೆದು, ಬುಕ್ ಆದದ್ದನ್ನು ಅಂದೇ ಅಳಿಸಬೇಕು. ಇಲ್ಲದ ದಿನವನ್ನು ಇದೆ ಎಂದು ತೋರಿಸಿದರೆ ನಂಬಿಕೆ ಹೋಗುತ್ತದೆ.

ಲೈಕುಗಳನ್ನು ನಂಬಬೇಡಿ, ಅವುಗಳಲ್ಲಿ ಎಷ್ಟೋ ಇತರ ಫೋಟೋದವರವೇ. ವಿಚಾರಿಸಿದವರನ್ನು ಮದುವೆ ಯಾವತ್ತು, ನಮ್ಮ ಕೆಲಸ ಎಲ್ಲಿ ನೋಡಿದಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬರುವ ಫೋನುಗಳೆಲ್ಲ ಮುಂದಿನ ವಾರದ ಮದುವೆಗೇ ಆದರೆ ಪೋಸ್ಟುಗಳು ತಡವಾಗಿವೆ ಎಂದೇ ಅರ್ಥ.

ಮದುವೆ ಮನೆಯವರಿಗೂ ಒಂದು ಮಾತು: ಅಡ್ವಾನ್ಸ್ ಕೊಡುವ ಮೊದಲು ಯಾವುದಾದರೂ ಒಂದು ಮದುವೆಯ ಪೂರ್ತಿ ಆಲ್ಬಂ ತೋರಿಸಿ ಎಂದು ಕೇಳಿ.