ಬೆಡ್‌ಶೀಟಿನ ಎಳೆ ಎಣಿಸಿದವರುಂಟೆ?

ಪಿಯುಸಿ ಫಲಿತಾಂಶ ಬಂದು, ಸೀಟು ಸಿಕ್ಕಿ, ಹಾಸ್ಟೆಲಿನಿಂದ ಪತ್ರ ಬಂತೆಂದರೆ ಮನೆಯಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಬಕೆಟ್ಟು, ಚೊಂಬು, ಬೀಗ, ಎರಡು ಬೆಡ್‌ಶೀಟ್, ಎರಡು ಟವೆಲ್ಲು. ಬಕೆಟ್ಟನ್ನು ತಟ್ಟಿ ನೋಡಿ, ಬೀಗವನ್ನು ಎಳೆದು ನೋಡಿ ಕೊಳ್ಳುವ ನಾವು ಬೆಡ್‌ಶೀಟನ್ನು ಮಾತ್ರ ಹೂವು, ಬಣ್ಣ ನೋಡಿ ಕೊಂಡುಬಿಡುತ್ತೇವೆ. ಮುಂದಿನ ನಾಲ್ಕು ವರ್ಷ ಮಗಳೋ ಮಗನೋ ದಿನಕ್ಕೆ ಏಳೆಂಟು ಗಂಟೆ ಮೈಯೊಡ್ಡುವುದು ಆ ಬಟ್ಟೆಗೇ.

ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಇಂಥ ತಾಯಿ ಮಗಳು ಕುಳಿತಿದ್ದಾರೆ ಎನ್ನಿ. ಮಗಳು ಓದಲು ಹೋಗುವುದು ಮಂಗಳೂರಿನ ಕಡೆಗೆ. ಮುಂದಿರುವುದು ಎರಡು ಪ್ಯಾಕೆಟ್ಟು. ಒಂದರ ಮೇಲೆ 200 ಎಂಬ ಸಂಖ್ಯೆ, ಇನ್ನೊಂದರ ಮೇಲೆ ಚಿನ್ನದ ಬಣ್ಣದಲ್ಲಿ 600. ಬೆಲೆಯಲ್ಲಿ ಎರಡನೆಯದು ಮೊದಲನೆಯದರ ದುಪ್ಪಟ್ಟು. "ಆರುನೂರು ಕೌಂಟ್ ಐತ್ರೀ ಅಕ್ಕಾರೆ, ಮೂರು ಪಟ್ಟು ಒಳ್ಳೇದು" ಎನ್ನುತ್ತಾನೆ ಅಂಗಡಿಯಾತ. "ಏನು ಎಣಿಸಿದ್ರೆ ಆರುನೂರಾಗುತ್ತಮ್ಮಾ?" ಎಂದು ಮಗಳು ಕೇಳುತ್ತಾಳೆ. ಅಮ್ಮನ ಬಳಿ ಉತ್ತರವಿಲ್ಲ. ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದ ವ್ಯಾಪಾರ ಸುಲಭ.

ಹಾಸು, ಹೊಕ್ಕು ಮತ್ತು ಲೆಕ್ಕ

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಅವುಗಳ ನಡುವೆ ಅಡ್ಡಡ್ಡ ಸೇರುವ ಎಳೆಗಳು ಹೊಕ್ಕು. ಮಾತಿನಲ್ಲಿ ನಾವು ದಿನವೂ ಬಳಸುವ 'ಹಾಸುಹೊಕ್ಕು' ಬಂದಿರುವುದು ಇಲ್ಲಿಂದಲೇ. ಒಂದು ಅಂಗುಲ ಅಗಲದಲ್ಲಿ ಎಷ್ಟು ಹಾಸಿನ ಎಳೆಗಳಿವೆ, ಒಂದು ಅಂಗುಲ ಉದ್ದದಲ್ಲಿ ಎಷ್ಟು ಹೊಕ್ಕಿನ ಎಳೆಗಳಿವೆ ಎಂದು ಎಣಿಸಿ ಎರಡನ್ನೂ ಕೂಡಿದರೆ ಬರುವ ಮೊತ್ತವೇ ಥ್ರೆಡ್ ಕೌಂಟ್. ಹಾಸು 110, ಹೊಕ್ಕು 90 ಇದ್ದರೆ ಅದು 200.

ಇದನ್ನು ಮನೆಯಲ್ಲೇ ಎಣಿಸಬಹುದು. ಬಟ್ಟೆಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಮೇಲೆ ಅಳತೆಪಟ್ಟಿ ಇಟ್ಟು, ಮೊಬೈಲಿನ ಕ್ಯಾಮೆರಾದಲ್ಲಿ ಹತ್ತಿರದಿಂದ ಚಿತ್ರ ತೆಗೆಯಿರಿ. ಚಿತ್ರವನ್ನು ಹಿಗ್ಗಿಸಿದರೆ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅರ್ಧ ಅಂಗುಲದಲ್ಲಿ ಎಷ್ಟಿವೆ ಎಂದು ಎಣಿಸಿ ದ್ವಿಗುಣ ಮಾಡಿದರೆ ಸಾಕು. ಹಾಗೆಯೇ ಇನ್ನೊಂದು ದಿಕ್ಕಿನಲ್ಲೂ ಎಣಿಸಬೇಕು. ಭೂತಗನ್ನಡಿ ಮತ್ತು ಸೂಜಿ ಇದ್ದರೂ ಇದೇ ಕೆಲಸ ಆಗುತ್ತದೆ.

ಅಂಗಡಿಯಾತ ಮಾದರಿಗೆಂದು ಬಿಚ್ಚಿಟ್ಟ 600ರ ಬೆಡ್‌ಶೀಟನ್ನು ಮಗಳು ಹೀಗೆ ಎಣಿಸಿದಳು ಎಂದುಕೊಳ್ಳಿ. ಅರ್ಧ ಅಂಗುಲದಲ್ಲಿ ಹಾಸು 85, ಹೊಕ್ಕು 65. ಅಂದರೆ ಅಂಗುಲಕ್ಕೆ 170 ಮತ್ತು 130, ಒಟ್ಟು 300. ಇನ್ನರ್ಧ ಎಲ್ಲಿ ಹೋಯಿತು? ಮಡಿಚಿ ಹೊಲಿದ ಅಂಚಿನ ಒಳಗಿನಿಂದ ಒಂದು ಎಳೆಯನ್ನು ಬಿಡಿಸಿ, ಎರಡು ಬೆರಳುಗಳ ನಡುವೆ ಹುರಿಗೆ ವಿರುದ್ಧವಾಗಿ ತಿರುಗಿಸಿದರೆ ಗುಟ್ಟು ಹೊರಬರುತ್ತದೆ. ಒಂದೇ ಎಂದು ಕಂಡ ಎಳೆ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಎರಡು ಸಣ್ಣ ನೂಲುಗಳನ್ನು ಹುರಿಮಾಡಿ ಒಂದು ಎಳೆಯಾಗಿ ನೇಯ್ದು, ಲೇಬಲ್ ಬರೆಯುವಾಗ ಎರಡೆಂದು ಲೆಕ್ಕ ಹಿಡಿದಿದ್ದಾರೆ. 300 ಹೀಗೆ 600 ಆಗಿದೆ.

ಈ ಲೆಕ್ಕ ನಮ್ಮಲ್ಲಿ ಮಾತ್ರ ಇರುವುದಲ್ಲ. ಹೀಗೆ ಹುರಿಯ ಒಳಗಿನ ನೂಲುಗಳನ್ನೆಲ್ಲ ಎಣಿಸಿ ದೊಡ್ಡ ಸಂಖ್ಯೆ ಬರೆದರೆ ಗ್ರಾಹಕರು ಮೋಸಹೋಗುವ ಸಂಭವವಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಅಧಿಕಾರಿಗಳು 2005ರಲ್ಲೇ ಅಭಿಪ್ರಾಯ ನೀಡಿದ್ದರು. ಆದ್ದರಿಂದ ದೊಡ್ಡ ಸಂಖ್ಯೆ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, "ಇದು ಸಿಂಗಲ್ ಪ್ಲೈಯೋ, ಎರಡು ಪ್ಲೈಯೋ?" ಪ್ಲೈ ಎಂದರೆ ಒಂದು ಎಳೆಯಲ್ಲಿ ಹುರಿಗೊಂಡ ನೂಲುಗಳ ಸಂಖ್ಯೆ.

ತಕ್ಕಡಿ ಹೇಳುವ ಮಾತು

ಎಣಿಸುವ ತಾಳ್ಮೆ ಇಲ್ಲದವರಿಗೆ ತಕ್ಕಡಿ ಇದೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನು ವ್ಯಾಪಾರದ ಭಾಷೆಯಲ್ಲಿ ಜಿ.ಎಸ್.ಎಂ. ಎನ್ನುತ್ತಾರೆ. ಒಂಟಿ ಮಂಚದ ಬೆಡ್‌ಶೀಟು ಸಾಮಾನ್ಯವಾಗಿ 60 ಅಂಗುಲ ಅಗಲ, 90 ಅಂಗುಲ ಉದ್ದ. ಅಂದರೆ ಸುಮಾರು ಮೂರೂವರೆ ಚದರ ಮೀಟರ್. ದಿಂಬಿನ ಕವರನ್ನು ತೆಗೆದಿಟ್ಟು ಬೆಡ್‌ಶೀಟನ್ನು ಮಾತ್ರ ತೂಗಿ, ಬಂದ ಗ್ರಾಮನ್ನು ಮೂರೂವರೆಯಿಂದ ಭಾಗಿಸಿದರೆ ಮುಗಿಯಿತು.

ನಮ್ಮ 200ರ ಬೆಡ್‌ಶೀಟು 420 ಗ್ರಾಂ ತೂಗಿತು ಎನ್ನಿ. ಭಾಗಿಸಿದರೆ 120 ಜಿ.ಎಸ್.ಎಂ. ಇದು ಸರಿಯಾದ ತೂಕ. ಇದಕ್ಕೆ ಬಳಸುವುದು ನೇಕಾರರು 40ರ ನೂಲು ಎನ್ನುವ ಹತ್ತಿಯ ನೂಲು. ನೂಲಿನ ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. 40ರ ನೂಲು ಒಂದು ಗ್ರಾಮಿಗೆ ಸುಮಾರು 68 ಮೀಟರ್ ಬರುತ್ತದೆ, 60ರದ್ದು ಸುಮಾರು 100 ಮೀಟರ್. ಆದ್ದರಿಂದಲೇ 40ರ ನೂಲಿನ 200 ಕೌಂಟೂ 60ರ ನೂಲಿನ 300 ಕೌಂಟೂ ಹೆಚ್ಚುಕಡಿಮೆ ಒಂದೇ ತೂಕ ಬರುತ್ತವೆ. ಎರಡನೆಯದು ಮುಟ್ಟಿದರೆ ನುಣುಪು, ಮೊದಲನೆಯದು ಒರಟು ಬಳಕೆಗೆ ಗಟ್ಟಿ.

600 ಎಂದು ಬರೆದದ್ದು 610 ಗ್ರಾಂ ತೂಗಿತು. ಅಂದರೆ ಸುಮಾರು 174 ಜಿ.ಎಸ್.ಎಂ. ಅದು ಕೆಟ್ಟ ಬಟ್ಟೆ ಎಂದಲ್ಲ, ದಪ್ಪ ಬಟ್ಟೆ. ಚಳಿಗಾಲದ ಬೀದರಿನಲ್ಲೋ ಮಡಿಕೇರಿಯಲ್ಲೋ ಹಿತವಾಗಿರುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರು ಹೀರಿ ಭಾರವಾಗುತ್ತದೆ, ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ಬಕೆಟ್ಟಿನಲ್ಲಿ ನೆನೆಸಿ ಕೈಯಲ್ಲಿ ಹಿಂಡಬೇಕಾದ ಹುಡುಗಿಗೆ ಆ ಹೆಚ್ಚುವರಿ ತೂಕ ಪ್ರತಿ ವಾರವೂ ನೆನಪಾಗುತ್ತದೆ.

ಇದೇ ಅಳತೆಯ ಬೆಡ್‌ಶೀಟೊಂದು 600 ಎಂದು ಹೇಳಿಕೊಂಡೂ 420 ಗ್ರಾಮೇ ತೂಗಿದರೆ? ಆ ಲೆಕ್ಕಕ್ಕೆ ಒಂದು ಗ್ರಾಂ ನೂಲು ಸುಮಾರು 195 ಮೀಟರ್ ಬರಬೇಕು. ಸಾಧಾರಣ ಬೆಲೆಯ ಬೆಡ್‌ಶೀಟಿಗೆ ಅಷ್ಟು ಸಣ್ಣ ಹತ್ತಿ ನೂಲನ್ನು ಯಾರೂ ಹಾಕುವುದಿಲ್ಲ. ಒಂದೋ ಸಂಖ್ಯೆ ಸುಳ್ಳು, ಇಲ್ಲವೇ ಅದು ಹತ್ತಿಯಲ್ಲ, ಮೈಕ್ರೋಫೈಬರ್ ಎಂಬ ಹೆಸರಿನಲ್ಲಿ ಬರುವ ನವಿರಾದ ಪಾಲಿಯೆಸ್ಟರ್. ಅದು ಬೇಗ ಒಣಗುತ್ತದೆ ನಿಜ, ಆದರೆ ಹತ್ತಿಯಂತೆ ಬೆವರು ಹೀರುವುದಿಲ್ಲ.

ತಕ್ಕಡಿಗೂ ಒಂದು ಮಿತಿ ಇದೆ. ಅಗ್ಗದ ಬಟ್ಟೆಗೆ ಗಂಜಿ ತುಂಬಿ ತೂಕ ಬರಿಸುವುದುಂಟು. ಬಟ್ಟೆಯ ಮೂಲೆಯೊಂದನ್ನು ಎರಡು ಕೈಗಳಲ್ಲಿ ಹಿಡಿದು ಗಟ್ಟಿಯಾಗಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ಬಿಳಿಯ ಪುಡಿ ಉದುರಿ, ಉಜ್ಜಿದ ಜಾಗ ಜಾಳುಜಾಳಾಗಿ ಕಂಡರೆ ಮೊದಲ ಒಗೆತಕ್ಕೇ ಆ ತೂಕ ಚರಂಡಿ ಸೇರುತ್ತದೆ.

ನೇಯ್ಗೆಯ ಗುಣ

ಎಳೆ ಎಷ್ಟೆಂಬುದು ತಿಳಿದ ಮೇಲೆ, ಅವು ಹೇಗೆ ಹೆಣೆದುಕೊಂಡಿವೆ ಎಂದು ನೋಡಬೇಕು. ಒಂದು ಎಳೆಯ ಮೇಲೆ, ಒಂದರ ಕೆಳಗೆ ಎಂದು ಸಾಗುವುದು ಸಾದಾ ನೇಯ್ಗೆ. ಅಂಗಡಿಯಲ್ಲಿ ಪರ್ಕೇಲ್ ಎಂದು ಕೇಳಿಬರುವುದು ಇದೇ ನೇಯ್ಗೆಯ ಒತ್ತಾದ, ನುಣುಪಾದ ಬಗೆ. ಎಳೆಗಳು ಹೆಜ್ಜೆಹೆಜ್ಜೆಗೂ ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಬಟ್ಟೆ ಗರಿಗರಿಯಾಗಿರುತ್ತದೆ, ಗಾಳಿಯಾಡುತ್ತದೆ, ಒಗೆದಷ್ಟೂ ಮೃದುವಾಗುತ್ತದೆ. ಸುಕ್ಕು ಬೀಳುವುದೊಂದೇ ತೊಂದರೆ.

ಸ್ಯಾಟಿನ್ ನೇಯ್ಗೆಯಲ್ಲಿ ಒಂದು ಎಳೆ ನಾಲ್ಕು ಎಳೆಗಳ ಮೇಲೆ ತೇಲಿ ಹೋಗಿ ಐದನೆಯದರ ಕೆಳಗೆ ಇಳಿಯುತ್ತದೆ. ಹೀಗೆ ತೇಲುವ ಎಳೆಗಳೇ ರೇಷ್ಮೆಯಂಥ ಹೊಳಪನ್ನೂ ಜಾರುವ ನುಣುಪನ್ನೂ ಕೊಡುವುದು. ಆದರೆ ಹಿಡಿತವಿಲ್ಲದ ಎಳೆ ಉಗುರಿಗೆ, ಕಬ್ಬಿಣದ ಮಂಚದ ಚೂಪಿಗೆ, ಬ್ಯಾಗಿನ ಜಿಪ್ಪಿಗೆ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಕಾಲು ಉಜ್ಜುವ ಕಡೆ ಕ್ರಮೇಣ ಸಣ್ಣ ಗುಂಜುಗಳು ಏಳುತ್ತವೆ. ಅಂಗಡಿಯಲ್ಲಿ ಮುಟ್ಟಿದೊಡನೆ ಮನ ಸೆಳೆಯುವುದು ಸ್ಯಾಟಿನ್, ಹಾಸ್ಟೆಲಿನ ಮಂಚದ ಮೇಲೆ ಬಾಳುವುದು ಸಾದಾ ನೇಯ್ಗೆ.

ಟವೆಲ್ಲಿಗೆ ಬೇರೆ ಲೆಕ್ಕ

ಟವೆಲ್ಲಿಗೆ ಥ್ರೆಡ್ ಕೌಂಟ್ ಕೇಳಿ ಪ್ರಯೋಜನವಿಲ್ಲ. ಅಲ್ಲಿ ನೀರು ಹೀರುವುದು ಬಟ್ಟೆಯ ಮೇಲೆ ಎದ್ದು ನಿಂತ ನೂಲಿನ ಕುಣಿಕೆಗಳು. ಅವು ಎಷ್ಟು ಎತ್ತರ, ಎಷ್ಟು ಒತ್ತು ಎಂಬುದನ್ನು ಹೇಳುವುದು ತೂಕ. ಇಲ್ಲೊಂದು ಅನುಕೂಲವಿದೆ. 70 ಸೆಂ.ಮೀ. ಅಗಲ, 140 ಸೆಂ.ಮೀ. ಉದ್ದದ ಟವೆಲ್ಲು ಹೆಚ್ಚುಕಡಿಮೆ ಒಂದು ಚದರ ಮೀಟರ್. ಆದ್ದರಿಂದ ಅದು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಜಿ.ಎಸ್.ಎಂ. ಭಾಗಾಕಾರವೇ ಬೇಡ.

400 ಗ್ರಾಮಿನೊಳಗಿನದು ಹಗುರ, 400ರಿಂದ 600 ಮಧ್ಯಮ, ಅದಕ್ಕೂ ಮೇಲಿನದು ದೊಡ್ಡ ಹೋಟೆಲುಗಳಲ್ಲಿ ಕಾಣುವ ದಪ್ಪ ಟವೆಲ್ಲು. ದಪ್ಪ ಟವೆಲ್ಲು ಹೆಚ್ಚು ನೀರು ಹೀರುತ್ತದೆ, ಹೀರಿದ ನೀರನ್ನು ಅಷ್ಟೇ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಕೂಡ. ಹೋಟೆಲಿನಲ್ಲಿ ಒಣಗಿಸುವ ಯಂತ್ರವಿದೆ. ಹಾಸ್ಟೆಲಿನಲ್ಲಿ ಇರುವುದು ಕೋಣೆಯೊಳಗಿನ ಒಂದು ಹಗ್ಗ. ಮಂಗಳೂರಿನ ಜುಲೈ ಮಳೆಯಲ್ಲಿ ಬೆಳಿಗ್ಗೆ ಮೈ ಒರೆಸಿ ಹರವಿದ ದಪ್ಪ ಟವೆಲ್ಲು ಮರುದಿನ ಬೆಳಿಗ್ಗೆಯೂ ಹಸಿಯಾಗಿಯೇ ಕೈಗೆ ಬರುತ್ತದೆ. ಆ ಹಸಿಯಲ್ಲೇ ಸೂಕ್ಷ್ಮಜೀವಿಗಳು ಬೆಳೆದು ಮುಗ್ಗಲು ವಾಸನೆ ಹುಟ್ಟುವುದು. ಅಂಥಲ್ಲಿಗೆ 350ರಿಂದ 400 ಗ್ರಾಮಿನ ಎರಡು ಟವೆಲ್ಲು ಸರದಿಯಲ್ಲಿ ಬಳಸುವುದು ಲೇಸು. ಇದಕ್ಕಿಂತ ಬೇಗ ಒಣಗುವುದು ಕುಣಿಕೆಗಳೇ ಇಲ್ಲದ, ಕರಾವಳಿಯವರು ಬೈರಾಸು ಎನ್ನುವ ತೆಳು ವಸ್ತ್ರ. ಆ ಊರಿನ ಹವೆಗೆ ಯಾವ ಬಟ್ಟೆ ಸರಿ ಎಂಬುದನ್ನು ಆ ಊರಿನವರು ಎಂದೋ ಕಂಡುಕೊಂಡಿದ್ದಾರೆ.

ಹೊಸ ಟವೆಲ್ಲು ನೀರು ಹೀರದಿದ್ದರೆ ಗಾಬರಿ ಬೇಡ. ಅಂಗಡಿಯಲ್ಲಿ ಮೆತ್ತಗೆ ಇರಲೆಂದು ಕಾರ್ಖಾನೆಯಲ್ಲಿ ಹಚ್ಚಿದ ಲೇಪ ಎರಡು ಮೂರು ಒಗೆತಕ್ಕೆ ಹೋಗುತ್ತದೆ. ಆಮೇಲೂ ಹನಿ ನೀರು ಮೇಲೆಯೇ ಮುತ್ತಿನಂತೆ ನಿಂತರೆ ಅದರಲ್ಲಿ ಪಾಲಿಯೆಸ್ಟರ್ ಇರುವ ಸಾಧ್ಯತೆ ಹೆಚ್ಚು. ಬಟ್ಟೆ ಮೃದುವಾಗಲೆಂದು ಕೊನೆಯ ನೀರಿಗೆ ಹಾಕುವ ದ್ರಾವಣವನ್ನು ಟವೆಲ್ಲಿಗೆ ಹಾಕಬಾರದು, ಅದೂ ಇಂಥದೇ ಲೇಪ. ಕುಣಿಕೆಯೊಂದು ಉದ್ದಕ್ಕೆ ಎದ್ದು ಬಂದರೆ ಎಳೆಯಬಾರದು, ಕತ್ತರಿಯಿಂದ ಬುಡಕ್ಕೆ ಕತ್ತರಿಸಿಬಿಡಬೇಕು. ಎಳೆದರೆ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತದೆ.

ಚೀಲಕ್ಕೆ ಬಿದ್ದದ್ದು

ಮತ್ತೆ ದಾವಣಗೆರೆಯ ಅಂಗಡಿಗೆ ಬರೋಣ. ತಾಯಿ ಮಗಳು 600ರ ಪ್ಯಾಕೆಟ್ಟನ್ನು ಪಕ್ಕಕ್ಕೆ ಸರಿಸಿದರು. ಅದೊಂದರ ಬೆಲೆಗೆ ಸಾದಾ ನೇಯ್ಗೆಯ, ಸಿಂಗಲ್ ಪ್ಲೈ ಹತ್ತಿಯ, 200 ಕೌಂಟಿನ ಎರಡು ಬೆಡ್‌ಶೀಟುಗಳು ಬಂದವು. ಅಳತೆಯನ್ನೂ ಮರೆಯಲಿಲ್ಲ. ಹತ್ತಿಬಟ್ಟೆ ಒಗೆದ ಮೇಲೆ ನೂರಕ್ಕೆ ಐದರಷ್ಟು ಕುಗ್ಗಬಹುದು. 90 ಅಂಗುಲ ಉದ್ದದ್ದು 85 ಆದರೂ ಆರಡಿಯ, ನಾಲ್ಕು ಅಂಗುಲ ದಪ್ಪದ ಹಾಸಿಗೆಗೆ ಎರಡೂ ತುದಿಯಲ್ಲಿ ಸಿಕ್ಕಿಸಲು ತುಸು ಉಳಿಯುತ್ತದೆ. ಟವೆಲ್ಲು 380 ಗ್ರಾಮಿನವು ಎರಡು. ಅಂಗಡಿಯಲ್ಲಿ ತಕ್ಕಡಿ ಇರಲಿಲ್ಲ, ಪಕ್ಕದ ಕಿರಾಣಿ ಅಂಗಡಿಯಾತ ನಗುತ್ತಲೇ ತೂಗಿಕೊಟ್ಟ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕೊಳ್ಳುವ ಮೊದಲು ಅದರ ಮೇಲೆ ಹಾಸುವ ಬಟ್ಟೆಯ ಎಳೆಯನ್ನೂ ಒಮ್ಮೆ ಬಿಚ್ಚಿ ನೋಡಿದರೆ ನಷ್ಟವೇನಿಲ್ಲ.